ಒಂದೇ ಕಡೆ ತಾಳೆ ನೋಡಿ ಮೋಸ ಹೋದ ಇನ್ವರ್ಸ್

ತುಮಕೂರಿನಲ್ಲಿ ಮನೆಯಲ್ಲೇ ಪಿಯು ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಒಂದು ಸಂಜೆ ಪುಸ್ತಕ ನೋಡದೆ, ಸುಮ್ನೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. `f(x) = x² − 6x + 5`, ಡೊಮೇನ್ `x ≤ 3`. ಇದರ ರೇಂಜ್ ಮತ್ತು ಇನ್ವರ್ಸ್ ಬೇಕು.

ಡೊಮೇನನ್ನು 3ಕ್ಕೆ ನಿಲ್ಲಿಸಿದ್ದಕ್ಕೆ ಕಾರಣ ಇದೆ. ವರ್ಗ ಪೂರ್ತಿ ಮಾಡಿದರೆ ಇದು `(x − 3)² − 4` ಆಗುತ್ತದೆ. ಎಲ್ಲ ಸಂಖ್ಯೆಗಳನ್ನೂ ಬಿಟ್ಟುಕೊಂಡರೆ 1 ಹಾಕಿದರೂ 0, 5 ಹಾಕಿದರೂ 0. ಆಗ 0 ಕೊಟ್ಟು ವಾಪಸ್ ಹೋಗು ಅಂದರೆ ಎಲ್ಲಿಗೆ ಹೋಗೋದು? ಅದಕ್ಕೇ ಎಡಭಾಗ ಮಾತ್ರ ಇಟ್ಟುಕೊಂಡೆ. ವರ್ಗ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ರೇಂಜ್ `y ≥ −4`.

ಆಮೇಲೆ `y = (x − 3)² − 4` ತಿರುಗಿಸಿ, ವರ್ಗಮೂಲ ತೆಗೆದು, ಮಾತಾಡ್ತಾ ಮಾತಾಡ್ತಾ `g(y) = 3 + √(y + 4)` ಅಂತ ಬರೆದುಬಿಟ್ಟೆ. ತಾಳೆ ನೋಡೋಣ ಅಂತ `f(g(y))` ಮಾಡಿದೆ. 3 ಹೋಯಿತು, ರೂಟಿನ ವರ್ಗ `y + 4`, ಅದರಲ್ಲಿ 4 ಕಳೆದರೆ `y`. ಒಂದು ಸಂಖ್ಯೆ ಹಾಕಿಯೂ ನೋಡಿದೆ: `f(3) = −4`, `g(−4) = 3`. ಸರಿಯಾಗಿದೆ ಅಂತ ಅಡಿಗೆರೆ ಎಳೆದೆ.

ಗುಬ್ಬಿಯಿಂದ ಬಸ್ಸಲ್ಲಿ ಬರುವ ಹುಡುಗಿಯೊಬ್ಬಳು, "ಸಾರ್, ನಾನು 1 ಹಾಕಿದೆ, ವಾಪಸ್ 5 ಬಂತು" ಅಂದಳು. ನಿಜ. `f(1) = 0`, `g(0) = 3 + 2 = 5`. 5 ನಮ್ಮ ಡೊಮೇನಿನಲ್ಲೇ ಇಲ್ಲ!

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. `f(g(y)) = y` ಅನ್ನುವುದು ಹೇಳುವುದಿಷ್ಟೇ: `f` ಹಾಕಿದರೆ `y` ಕೊಡುವ ಯಾವುದೋ ಒಂದು ಸಂಖ್ಯೆಯನ್ನು `g` ಹುಡುಕಿದೆ ಅಂತ. 1 ಹಿಡಿದರೂ 5 ಹಿಡಿದರೂ ಅದಕ್ಕೆ ಒಂದೇ, ಯಾಕಂದರೆ ವರ್ಗ ಮಾಡಿದ ತಕ್ಷಣ ಚಿಹ್ನೆಯ ತಪ್ಪು ಅಳಿಸಿಹೋಗುತ್ತದೆ. ನಾವು ಹೊರಟ ಜಾಗಕ್ಕೇ ವಾಪಸ್ ಬಂದೆವಾ ಅಂತ ಹೇಳುವುದು ಇನ್ನೊಂದು ಕಡೆಯ ಲೆಕ್ಕ, `g(f(x))`. ಅದನ್ನು ಮಾಡಿದರೆ `3 + √((x − 3)²)`, ಅಂದರೆ `3 + |x − 3|`. ಇಲ್ಲಿ ಆ ಎರಡು ಗೆರೆಗಳನ್ನು ಮರೆತು ಸೀದಾ `x − 3` ಅಂತ ಬರೆಯುವವರೇ ಜಾಸ್ತಿ, ಬರೆದರೆ ಉತ್ತರ `x` ಬಂದು ಮತ್ತೆ ಮೋಸ. ನಮ್ಮ `x` 3ಕ್ಕಿಂತ ಹೆಚ್ಚಿಲ್ಲ, ಹಾಗಾಗಿ `|x − 3| = 3 − x`, ಒಟ್ಟು `6 − x`. 1 ಹಾಕಿದರೆ 5. ಅವಳು ಹೇಳಿದ್ದು ಇದೇ ಅಲ್ವಾ!

ನಾನು ಪರೀಕ್ಷೆಗೆ 3 ಆರಿಸಿದ್ದೇ ಎಡವಟ್ಟು. `6 − x` ಮತ್ತು `x` ಒಂದಾಗುವುದು ಅಲ್ಲಿ ಮಾತ್ರ.

ಸರಿಯಾದ ಇನ್ವರ್ಸ್ `3 − √(y + 4)`. ಈಗ `g(f(x)) = 3 − (3 − x) = x`. ಈಚೆಗೆ ನಾನು ಕಾಂಪೋಸಿಷನ್‌ಗೆ ಮೊದಲೇ ಒಂದು ಕೆಲಸ ಮಾಡುತ್ತೇನೆ: ಬರೆದ ಇನ್ವರ್ಸಿನ ರೇಂಜ್, ಮೂಲ ಫಂಕ್ಷನ್‌ನ ಡೊಮೇನ್ ಆಗಿದೆಯಾ ನೋಡುತ್ತೇನೆ. ಪ್ಲಸ್ ಇದ್ದರೆ ಉತ್ತರ 3ರಿಂದ ಮೇಲಕ್ಕೆ ಹೋಗುತ್ತದೆ, ನಮಗೆ ಬೇಕಾದದ್ದು 3ರಿಂದ ಕೆಳಗೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.