ಸಂಸ್ಥೆ ಕೆಲಸದವರ ಪ್ರೊಫೈಲ್: ಹಣ, ಮಕ್ಕಳು, ಫಲಿತಾಂಶವನ್ನು ಅಂಕಿಯಲ್ಲಿ ಬರೆಯುವುದು ಹೇಗೆ?

"ಸಾವಿರಾರು ಮಕ್ಕಳಿಗೆ ನೆರವು, ಲಕ್ಷಾಂತರ ರೂಪಾಯಿ ನಿಧಿ ಸಂಗ್ರಹ." ಸ್ವಯಂಸೇವಾ ಸಂಸ್ಥೆಗಳಲ್ಲಿ ಸಂಯೋಜಕರಾಗಿ ದುಡಿದವರ ಪ್ರೊಫೈಲ್‌ಗಳಲ್ಲಿ ಇಂಥ ಸಾಲು ಕಾಣದೇ ಇರುವುದು ಅಪರೂಪ. ಸಂದರ್ಶನದಲ್ಲಿ ಎದುರಿಗೆ ಕೂತವರು ಕೇಳುವುದು ಮಾತ್ರ ಬೇರೆ: ಎಷ್ಟು ಮಕ್ಕಳು, ಯಾವ ವರ್ಷದಿಂದ ಯಾವ ವರ್ಷಕ್ಕೆ, ಒಂದೇ ಮಗುವನ್ನು ಎರಡು ಸಲ ಎಣಿಸಿಲ್ಲ ತಾನೆ, ಹಣ ಬ್ಯಾಂಕಿಗೆ ಬಂತೋ ಅಥವಾ ಮಂಜೂರಾತಿ ಪತ್ರದಲ್ಲೇ ಉಳಿಯಿತೋ? ಈ ಪ್ರಶ್ನೆಗಳಿಗೆ ಉತ್ತರ ಪ್ರೊಫೈಲ್‌ನ ಸಾಲಿನಲ್ಲೇ ಇರಬೇಕು. ಅದಕ್ಕೆ ಬೇಕಾದ ಲೆಕ್ಕ ನಿಮ್ಮ ಸಂಸ್ಥೆಯ ಹಾಜರಿ ಪುಸ್ತಕ, ಪಾಸ್‌ಬುಕ್‌ಗಳಲ್ಲಿ ಈಗಾಗಲೇ ಇದೆ. ಅದನ್ನು ಹೊರತೆಗೆಯುವ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ನೋಡೋಣ.

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಮಕ್ಕಳಿಗೆ ಸಂಜೆ ಓದಿನ ಕೇಂದ್ರ ನಡೆಸುವ ಒಂದು ಟ್ರಸ್ಟ್ ಇದೆ ಎಂದುಕೊಳ್ಳಿ. ಅದರ ಸಂಯೋಜಕಿ 2022ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಕೆಲಸವನ್ನು ಪ್ರೊಫೈಲ್‌ಗೆ ಇಳಿಸಬೇಕಿದೆ. ಟ್ರಸ್ಟ್, ಸಂಯೋಜಕಿ, ಅಂಕಿ ಎಲ್ಲವೂ ಉದಾಹರಣೆಗಾಗಿ ಕಟ್ಟಿದವು.

ಮೊದಲು ಹಣ

ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ಮಂಜೂರಾದದ್ದು, ಖಾತೆಗೆ ಬಂದದ್ದು, ಅದರಲ್ಲಿ ನಿಮ್ಮ ಪಾಲಿನ ಕೆಲಸ ಏನು. ನಮ್ಮ ಉದಾಹರಣೆಯಲ್ಲಿ ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ನಿಧಿಯಿಂದ ಮೂರು ವರ್ಷಕ್ಕೆ 24 ಲಕ್ಷ ರೂಪಾಯಿ ಮಂಜೂರಾಗಿದೆ. ಮಾರ್ಚ್ 31ರ ಹೊತ್ತಿಗೆ ಎರಡು ಕಂತು, ಅಂದರೆ 16 ಲಕ್ಷ ಬಂದಿದೆ. ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಿ, ಅದು ಒಪ್ಪಿಗೆಯಾದ ಮೇಲೆ ಮೂರನೆಯ ಕಂತು. ಹಳೆಯ ದಾನಿ ಸಂಸ್ಥೆಯೊಂದು 6 ಲಕ್ಷ ಕೊಟ್ಟಿದೆ, ಪೂರ್ತಿ ಬಂದಿದೆ. ಊರಿನ ಬೆಳೆಗಾರರು, ಅಂಗಡಿಯವರು, ನೌಕರರು ಸೇರಿ ಕೊಟ್ಟದ್ದು 2.8 ಲಕ್ಷ.

ಇಲ್ಲಿ "32.8 ಲಕ್ಷ ಸಂಗ್ರಹಿಸಿದೆ" ಎಂದು ಬರೆಯುವ ಆಸೆ ಸಹಜ. ಆದರೆ ಬಂದದ್ದು 24.8 ಲಕ್ಷ. ಅದರಲ್ಲೂ 6 ಲಕ್ಷ ಕೊಟ್ಟ ದಾನಿಯನ್ನು ತಂದವರು ಹಿಂದಿನ ಕಾರ್ಯದರ್ಶಿ. ಸಂಯೋಜಕಿ ವರದಿಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ ಆ ನೆರವನ್ನು ಉಳಿಸಿಕೊಂಡರು. ಇದೇನೂ ಸಣ್ಣ ಕೆಲಸವಲ್ಲ, ಹಾಗಾಗಿ ಅದಕ್ಕೆ ತನ್ನದೇ ಸಾಲು ಕೊಡಬೇಕು. ಹೊಸ ನಿಧಿ 18.8 ಲಕ್ಷ, ಉಳಿಸಿಕೊಂಡದ್ದು 6 ಲಕ್ಷ ಎಂದು ಬಿಡಿಸಿ ಬರೆದರೆ ಎರಡೂ ಸಾಮರ್ಥ್ಯ ಕಾಣುತ್ತದೆ. ತೋಟದವರು ಉಚಿತವಾಗಿ ಕೊಟ್ಟ ಕೋಣೆ, ಬೆಂಚುಗಳಿಗೆ ಬೆಲೆ ಕಟ್ಟಿ ಈ ಮೊತ್ತಕ್ಕೆ ಸೇರಿಸಬೇಡಿ. "ಇದಲ್ಲದೆ ನಾಲ್ಕು ತೋಟಗಳಿಂದ ಉಚಿತ ಕೋಣೆ" ಎಂದರೆ ಸಾಕು.

ತಾಳೆ ನೋಡುವಾಗ ಹೆಚ್ಚಿನವರು ಎಡವುವುದು ಆಡಿಟ್ ವರದಿಯಲ್ಲಿ. ಅದರ ಆದಾಯ–ವೆಚ್ಚದ ಪಟ್ಟಿಯಲ್ಲಿ ನಿಮ್ಮ 16 ಲಕ್ಷ ಹುಡುಕಿದರೆ ಸಿಗದೇ ಹೋಗಬಹುದು. ನಿರ್ದಿಷ್ಟ ಕೆಲಸಕ್ಕೆಂದು ಬಂದ ಅನುದಾನದಲ್ಲಿ ಖರ್ಚಾದಷ್ಟನ್ನು ಮಾತ್ರ ಆದಾಯವೆಂದು ತೋರಿಸಿ, ಉಳಿದದ್ದನ್ನು ಬ್ಯಾಲೆನ್ಸ್ ಶೀಟ್‌ನ ಹೊಣೆಗಾರಿಕೆ ಬದಿಗೆ ಹಾಕುವ ರೂಢಿ ಹಲವು ಸಂಸ್ಥೆಗಳಲ್ಲಿದೆ. ಆದ್ದರಿಂದ ಸ್ವೀಕೃತಿ–ಪಾವತಿ ಪಟ್ಟಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಅಕೌಂಟೆಂಟ್ ಜೊತೆ ಅರ್ಧ ಗಂಟೆ ಕೂತರೆ ಮುಗಿಯುವ ಕೆಲಸ.

ದಾನಿಗಳ ಸಂಖ್ಯೆಗೆ ರಸೀದಿಗಳನ್ನು ಎಣಿಸಬೇಡಿ. ತಿಂಗಳಿಗೊಮ್ಮೆ ಕೊಡುವವರ ಹೆಸರಿನಲ್ಲಿ ವರ್ಷಕ್ಕೆ ಹನ್ನೆರಡು ರಸೀದಿ ಇರುತ್ತವೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಸಂಸ್ಥೆಗೆ ಇದ್ದರೆ, ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ, 2021–22ರ ದೇಣಿಗೆಗಳಿಂದ ಶುರುವಾದ 10ಬಿಡಿ ವಿವರಪಟ್ಟಿಯಲ್ಲಿ ದಾನಿಗಳ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೇಲೆ ವಿಂಗಡಿಸಿದರೆ ನಿಜವಾದ ದಾನಿಗಳು ಎಷ್ಟೆಂದು ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 96. ಅವರಲ್ಲಿ 31 ಮಂದಿ ಮರುವರ್ಷವೂ ಕೊಟ್ಟಿದ್ದಾರೆ. ನಿಧಿ ಸಂಗ್ರಹದ ಕೆಲಸ ಬಲ್ಲವರು ಒಟ್ಟು ಮೊತ್ತಕ್ಕಿಂತ ಈ 31ರ ಮೇಲೆ ಹೆಚ್ಚು ಹೊತ್ತು ಕಣ್ಣಿಡುತ್ತಾರೆ, ಅದನ್ನು ಬಿಡದೆ ಬರೆಯಿರಿ.

ಎಷ್ಟು ಮಕ್ಕಳು?

ಅತಿ ಹೆಚ್ಚು ತಪ್ಪು ಇಲ್ಲೇ ಆಗುತ್ತದೆ, ಅದೂ ಬಹುತೇಕ ಗೊತ್ತಿಲ್ಲದೆ. ವಾರ್ಷಿಕ ವರದಿಗಳಲ್ಲಿ ಮೊದಲ ವರ್ಷ 180, ಎರಡನೇ ವರ್ಷ 195, ಮೂರನೇ ವರ್ಷ 190 ಮಕ್ಕಳು ಎಂದಿದೆ. ಕೂಡಿದರೆ 565. ಆದರೆ ಎರಡನೇ ವರ್ಷದ 195ರಲ್ಲಿ 130 ಮಕ್ಕಳು ಮೊದಲ ವರ್ಷದವರೇ, ಹೊಸಬರು 65. ಮೂರನೇ ವರ್ಷದಲ್ಲಿ ಹೊಸಬರು 52. ಅಲ್ಲಿಗೆ 180, 65, 52 ಸೇರಿ 297.

ಇಷ್ಟಕ್ಕೇ ನಿಲ್ಲಬೇಡಿ. ಕಾಫಿ ಕೊಯ್ಲಿನ ಹೊತ್ತಿಗೆ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತವೆ, ಮಗು ಅಲ್ಲಿನ ಕೇಂದ್ರದ ಪುಸ್ತಕದಲ್ಲೂ ಹೆಸರು ಬರೆಸುತ್ತದೆ. ಒಂದು ಕಡೆ "ಮಂಜು", ಇನ್ನೊಂದು ಕಡೆ "ಮಂಜುನಾಥ ಕೆ." ಶಾಲೆಗೆ ದಾಖಲಾದ ಮಕ್ಕಳಿಗೆ ಶಿಕ್ಷಣ ಇಲಾಖೆಯ ಗುರುತಿನ ಸಂಖ್ಯೆಯಾದ ಸ್ಯಾಟ್ಸ್ ಸಂಖ್ಯೆ ಇರುವುದರಿಂದ ಅದನ್ನೇ ಗುರುತಾಗಿ ಇಟ್ಟುಕೊಂಡು ಎಕ್ಸೆಲ್ ಹಾಳೆಯಲ್ಲಿ ವಿಂಗಡಿಸಿದರೆ ಜೋಡಿ ಹೆಸರುಗಳು ಹೊರಬೀಳುತ್ತವೆ. ಮೂರೂ ವರ್ಷದ ಪಟ್ಟಿಯನ್ನು ಒಂದರ ಕೆಳಗೊಂದು ಅಂಟಿಸಿ, ಸಂಖ್ಯೆ `A` ಕಂಬದಲ್ಲಿದ್ದರೆ ಪಕ್ಕದ ಖಾಲಿ ಕಂಬದ ಎರಡನೇ ಸಾಲಿನಲ್ಲಿ ಹೀಗೆ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(A2="","",COUNTIF(A$2:A2,A2))
```

1 ಬಂದ ಸಾಲುಗಳಷ್ಟೇ ಬೇರೆ ಬೇರೆ ಮಕ್ಕಳು. 2 ಅಥವಾ ಹೆಚ್ಚು ಬಂದರೆ ಆ ಮಗು ಮೇಲೆ ಒಮ್ಮೆ ಎಣಿಕೆಯಾಗಿದೆ. ಹೊರರಾಜ್ಯದಿಂದ ಬಂದು ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ ಈ ಸಂಖ್ಯೆ ಇರುವುದಿಲ್ಲ, ಅವರ ಸಾಲು ಖಾಲಿ ಉಳಿಯುತ್ತದೆ. ಅಂಥವರನ್ನು ತಾಯಿಯ ಹೆಸರು, ಮಗು ಹುಟ್ಟಿದ ವರ್ಷ, ಹಿಂದೆ ಇದ್ದ ತೋಟ ಈ ಮೂರನ್ನೂ ಸೇರಿಸಿ ಕೈಯಾರೆ ನೋಡಬೇಕು. ಅನುಮಾನ ಬಂದರೆ ತೋಟದ ಲೆಕ್ಕ ಬರೆಯುವ ರೈಟರ್ ಅವರನ್ನು ಕೇಳಿ. ಯಾವ ಕುಟುಂಬ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಅವರ ಬಳಿಯ ಕೆಲಸಗಾರರ ಹಾಜರಿ ಪಟ್ಟಿ, ಅಂದರೆ ಚೆಕ್‌ರೋಲ್‌ನಿಂದ ತಿಳಿಯುತ್ತದೆ. ಹೀಗೆ ಹುಡುಕಿದಾಗ ಆ 297ರಲ್ಲಿ ಇನ್ನೂ 11 ಜೋಡಿ ಸಿಕ್ಕಿತೆನ್ನಿ, ಉಳಿದದ್ದು 286 ಮಕ್ಕಳು.

ಒಂದೇ ದಿನ ಬಂದು ಹೋದ ಮಗುವೂ ಈ 286ರಲ್ಲಿದೆ. ಅದಕ್ಕೆ ಒಂದು ಮಿತಿ ಇಟ್ಟುಕೊಳ್ಳಿ, ಅದನ್ನು ಬರೆದೂ ಬಿಡಿ: "ಒಂದು ವರ್ಷದಲ್ಲಿ ಕನಿಷ್ಠ 40 ದಿನ ಹಾಜರಾದವರು 214." ಮಿತಿ 40 ಇರಬೇಕೋ 60 ಇರಬೇಕೋ ಎಂಬುದು ಕಾರ್ಯಕ್ರಮಕ್ಕೆ ತಕ್ಕಂತೆ. ಆದರೆ ಅಂಕಿ ಚೆನ್ನಾಗಿ ಕಾಣಲೆಂದು ಆಮೇಲೆ ಬದಲಿಸಬಾರದು. ಕುಟುಂಬಕ್ಕೆ ಐದು ಮಂದಿ ಎಂದು ಗುಣಿಸಿ "ಪರೋಕ್ಷ ಫಲಾನುಭವಿಗಳು 1,430" ಎಂದು ಸೇರಿಸುವ ಅಭ್ಯಾಸವನ್ನು ಪೂರ್ತಿ ಬಿಡಿ. ಅದು ಎಣಿಕೆಯಲ್ಲ, ಮಗ್ಗಿ.

ಏನು ಬದಲಾಯಿತು?

ಮಕ್ಕಳು ಬಂದರು ಎಂಬುದು ಒಂದು ಮಾತು, ಓದಲು ಕಲಿತರು ಎಂಬುದು ಇನ್ನೊಂದು. ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಓದಿಸಿ ನೋಡುವ ಪರೀಕ್ಷೆಯನ್ನು ಅನೇಕ ಸಂಸ್ಥೆಗಳು ಬಳಸುತ್ತವೆ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ.

ಮೂರನೇ ವರ್ಷ ಜೂನ್‌ನಲ್ಲಿ ಪರೀಕ್ಷಿಸಿದ್ದು 176 ಮಕ್ಕಳನ್ನು. ಕಥೆ ಓದಿದವರು 34. ಮಾರ್ಚ್‌ನಲ್ಲಿ ಸಿಕ್ಕವರು ಆ 176ರಲ್ಲಿ 148 ಮಾತ್ರ, ಕಥೆ ಓದಿದವರು 83. ಈಗ ಜೂನ್‌ನ ಶೇ 19ನ್ನು ಮಾರ್ಚ್‌ನ ಶೇ 56ರ ಪಕ್ಕದಲ್ಲಿ ಇಟ್ಟರೆ ತಪ್ಪಾಗುತ್ತದೆ. ಎರಡೂ ಬೇರೆ ಬೇರೆ ಗುಂಪು. ಎರಡೂ ಪರೀಕ್ಷೆ ಬರೆದ 148 ಮಕ್ಕಳನ್ನಷ್ಟೇ ತೆಗೆದುಕೊಂಡು ನೋಡಿ: ಅವರಲ್ಲಿ ಜೂನ್‌ನಲ್ಲಿ ಕಥೆ ಓದುತ್ತಿದ್ದವರು 31, ಮಾರ್ಚ್‌ನಲ್ಲಿ 83. ನೂರಕ್ಕೆ 21 ಇದ್ದದ್ದು 56 ಆಯಿತು. ಇದನ್ನೇ "ಶೇ 168 ಏರಿಕೆ" ಎಂದೂ ಬರೆಯಬಹುದು, ಗಣಿತದ ಪ್ರಕಾರ ಸುಳ್ಳಲ್ಲ. ಆದರೆ ಇನ್ನೂ 65 ಮಕ್ಕಳಿಗೆ ಕಥೆ ಓದಲು ಬರುತ್ತಿಲ್ಲ ಎಂಬುದನ್ನು ಅದು ಮರೆಮಾಡುತ್ತದೆ. "148ರಲ್ಲಿ 31ರಿಂದ 83ಕ್ಕೆ" ಎಂದರೆ ಯಾರಿಗೂ ಅನುಮಾನ ಉಳಿಯದು.

ಮಾರ್ಚ್‌ನಲ್ಲಿ ಸಿಗದ 28 ಮಕ್ಕಳ ವಿಚಾರವನ್ನೂ ಹೇಳಬೇಕು. 17 ಕುಟುಂಬಗಳು ಕೊಯ್ಲು ಮುಗಿಸಿ ಊರಿಗೆ ಹೊರಟವು, ಒಂದೊಂದು ಕುಟುಂಬದ ಒಂದೊಂದು ಮಗು. ಉಳಿದ 11 ಮಕ್ಕಳು ಪರೀಕ್ಷೆಯ ದಿನ ಬರಲಿಲ್ಲ. ತೋಟದ ಕೆಲಸ ಬಲ್ಲವರಿಗೆ ಇದು ನ್ಯೂನತೆಯಾಗಿ ಕಾಣುವುದಿಲ್ಲ; ಬದಲಿಗೆ ಇದನ್ನು ಬರೆಯದೇ ಇದ್ದರೆ ಅನುಮಾನ ಬರುತ್ತದೆ. ಪರೀಕ್ಷೆ ಮಾಡಿದವರು ಯಾರು ಎಂಬುದೂ ಮುಖ್ಯ. ತಾವೇ ಕಲಿಸಿದ ಮಕ್ಕಳಿಗೆ ತಾವೇ ಅಂಕ ಕೊಡುವಾಗ ಕೈ ಸ್ವಲ್ಪ ಸಡಿಲವಾಗುತ್ತದೆ. ಒಂದು ಕೇಂದ್ರದವರು ಇನ್ನೊಂದು ಕೇಂದ್ರದ ಮಕ್ಕಳನ್ನು ಪರೀಕ್ಷಿಸಿದ್ದರೆ ಅದನ್ನು ಬರೆಯಿರಿ.

ಈ ಮಕ್ಕಳು ಹಗಲು ಶಾಲೆಗೂ ಹೋಗುತ್ತಾರೆ. ಕೇಂದ್ರಕ್ಕೆ ಬಾರದ ಮಕ್ಕಳೊಂದಿಗೆ ಹೋಲಿಸಿ ನೋಡಿಲ್ಲವಾದರೆ "ನಮ್ಮಿಂದಲೇ ಕಲಿತರು" ಎನ್ನಲು ಆಧಾರವಿಲ್ಲ. "ಕೇಂದ್ರಕ್ಕೆ ಬಂದ ಮಕ್ಕಳಲ್ಲಿ ಓದುವವರು ಹೆಚ್ಚಾದರು" ಎಂಬಲ್ಲಿಗೆ ನಿಲ್ಲಿಸಿ.

ಪುಟದ ಮೇಲೆ

ಇಷ್ಟು ಕೆಲಸವಾದ ಮೇಲೆ ಪ್ರೊಫೈಲ್‌ಗೆ ಹೋಗುವುದು ಮೂರೇ ಸಾಲು:

*ನಿಧಿ: 2022 ಏಪ್ರಿಲ್–2025 ಮಾರ್ಚ್ ನಡುವೆ ಖಾತೆಗೆ ಬಂದದ್ದು 24.8 ಲಕ್ಷ ರೂ. ಇದರಲ್ಲಿ ನಾನು ತಂದ ಹೊಸ ನಿಧಿ 18.8 ಲಕ್ಷ, ಮುಂದುವರಿಸಿಕೊಂಡ ಹಳೆಯ ನೆರವು 6 ಲಕ್ಷ. ಸ್ಥಳೀಯ ದಾನಿಗಳು 96, ಮರುವರ್ಷವೂ ಕೊಟ್ಟವರು 31.*

*ಮಕ್ಕಳು: ಮೂರು ಶಾಲಾ ವರ್ಷಗಳಲ್ಲಿ 286, ಪುನರಾವರ್ತನೆ ತೆಗೆದು. ಒಂದು ವರ್ಷದಲ್ಲಿ 40 ದಿನಕ್ಕೆ ಕಡಿಮೆಯಿಲ್ಲದೆ ಹಾಜರಾದವರು 214.*

*ಓದು: 2024–25ರಲ್ಲಿ ಎರಡೂ ಪರೀಕ್ಷೆಗೆ ಹಾಜರಾದ 148 ಮಕ್ಕಳಲ್ಲಿ ಎರಡನೇ ತರಗತಿ ಕಥೆ ಓದುವವರು 31ರಿಂದ 83ಕ್ಕೆ. ಮಾರ್ಚ್‌ನಲ್ಲಿ 28 ಮಕ್ಕಳು ಸಿಗಲಿಲ್ಲ, ಹೆಚ್ಚಿನವರು ವಲಸೆ ಕುಟುಂಬದವರು.*

ಹಣದ ವರ್ಷ ಏಪ್ರಿಲ್‌ಗೆ, ಶಾಲೆಯ ವರ್ಷ ಜೂನ್ ಹೊತ್ತಿಗೆ ಶುರುವಾಗುವುದರಿಂದ ಎರಡಕ್ಕೂ ಅವಧಿಯನ್ನು ಬೇರೆ ಬೇರೆಯಾಗಿ ಹೇಳಿದ್ದೇವೆ, ಗಮನಿಸಿ. ಪ್ರತಿ ಅಂಕಿ ಯಾವ ದಾಖಲೆಯಿಂದ ಬಂತು ಎಂಬುದನ್ನು ಇನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಸಂದರ್ಶನಕ್ಕೆ ಒಯ್ಯಿರಿ. ಮಕ್ಕಳ ಹೆಸರು, ಫೋಟೊ, ಸ್ಯಾಟ್ಸ್ ಸಂಖ್ಯೆ, ದಾನಿಗಳ ಪ್ಯಾನ್ ಇರುವ ಪಟ್ಟಿಗಳು ಸಂಸ್ಥೆಯವು, ಅವು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೊರಗೆ ಹೋಗಬಾರದು. ದಾನಿ ಕಂಪನಿಯ ಹೆಸರು ಹಾಕುವ ಮೊದಲು ಟ್ರಸ್ಟ್‌ನ ಒಪ್ಪಿಗೆ ಕೇಳಿ.

ಕೆಲಸ ಬಿಟ್ಟ ಮೇಲೆ ಈ ದಾಖಲೆಗಳು ನಿಮ್ಮ ಕೈಗೆ ಸಿಗುವುದಿಲ್ಲ. ಆದ್ದರಿಂದ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ಇರುವಾಗಲೇ ಲೆಕ್ಕ ಮುಗಿಸಿ, ಈ ಮೂರು ಸಾಲನ್ನು ಅನುಭವ ಪತ್ರದಲ್ಲಿ ಸೇರಿಸಿಕೊಡುವಂತೆ ಕಾರ್ಯದರ್ಶಿಯವರನ್ನು ಕೇಳಿಕೊಳ್ಳಿ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಹಿ ಮತ್ತು ಮೊಹರಿನೊಂದಿಗೆ.