“ಈಗಿನ ಸಂಬಳ ಎಷ್ಟು?” ಅಂದಾಗ ನಾನು ಹೇಳಿದ್ದು

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡುತ್ತಿದ್ದೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಟಿಡಿಎಸ್ ಎಲ್ಲಾ ನನ್ನದೇ. ಸಂಬಳ 22,000. ಜೊತೆಗೆ ಮಧ್ಯಾಹ್ನದ ಊಟ, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್.

ಬೆಂಗಳೂರಿನ ಒಂದು ಕಂಪನಿಯಿಂದ ಮೊದಲ ಸಲ ಫೋನ್ ಬಂದಾಗ, ಈಗಿನ ಸಂಬಳ ಕೇಳಿದ ಕೂಡಲೇ “22 ಸಾವಿರ” ಅಂದುಬಿಟ್ಟೆ. ಅಲ್ಲಿಗೆ ಮಾತು ಮುಗಿಯಿತು. “ನಮ್ಮಲ್ಲಿ 30 ಪರ್ಸೆಂಟ್ ಹೈಕ್ ಕೊಡ್ತೀವಿ” ಅಂದರು, ಅಂದರೆ 28,600. ಅದೇ ಕೆಲಸಕ್ಕೆ ಅಲ್ಲೇ ಇರುವವರಿಗೆ 34 ಸಾವಿರ ಸಿಗುತ್ತೆ ಅಂತ ಆಮೇಲೆ ಪರಿಚಯದವರೊಬ್ಬರಿಂದ ಗೊತ್ತಾಯಿತು. ನಾನು ಮಾಡುವ ಕೆಲಸಕ್ಕೆ ಬೆಲೆ ಕಟ್ಟಲಿಲ್ಲ, ನಮ್ಮ ಅಂಗಡಿಯ ಸಂಬಳಕ್ಕೆ ಕಟ್ಟಿದರು. ತುಂಬಾ ಬೇಜಾರಾಯಿತು.

ಆಮೇಲೆ ಕೂತು ಯೋಚಿಸಿದೆ. ಎಚ್‌ಆರ್ ಈ ಪ್ರಶ್ನೆ ಕೇಳೋದು ಎರಡು ಕಾರಣಕ್ಕೆ. ಒಂದು, ಈ ಮನುಷ್ಯ ನಮ್ಮ ಬಜೆಟ್‌ಗೆ ಸಿಗ್ತಾನಾ ಅಂತ ತಿಳಿಯೋಕೆ. ಇನ್ನೊಂದು, ಹೈಕ್ ಲೆಕ್ಕ ಹಾಕೋಕೆ. ಮೊದಲನೆಯದು ನ್ಯಾಯವಾದ ಪ್ರಶ್ನೆ, ಅದಕ್ಕೆ ನಾನು ಪೂರ್ತಿ ಉತ್ತರ ಕೊಡಬಹುದು, ಹಳೆಯ ಸಂಬಳ ಹೇಳದೆಯೇ. ಎರಡನೆಯದಕ್ಕೆ ನಾನು ನೆರವಾಗಬೇಕಿಲ್ಲ, ಅಲ್ವಾ?

ಎರಡನೇ ಸಲ ಬೇರೆ ಕಂಪನಿಯಿಂದ ಕರೆ ಬಂತು. ಊಟದ ಹೊತ್ತು, ಅಂಗಡಿಯ ಹಿಂದೆ ಮೂಟೆಗಳ ಪಕ್ಕ ನಿಂತು ಮಾತಾಡಿದೆ. ಕೈಯಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೆ: ನಿರೀಕ್ಷೆ, ನೋಟಿಸ್ ಪೀರಿಯಡ್, ಯಾವಾಗ ಸೇರಬಹುದು.

“ಸರ್, ಕರೆಂಟ್ ಸಿಟಿಸಿ ಎಷ್ಟು?” ಸಿಟಿಸಿ ಅಂದರೆ ಪಿಎಫ್, ಗ್ರಾಚ್ಯುಟಿ ಎಲ್ಲಾ ಸೇರಿ ಕಂಪನಿ ಒಬ್ಬರಿಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು.

“ಮೇಡಂ, ಅದನ್ನ ಈ ಹಂತದಲ್ಲಿ ಬೇಡ ಅಂದ್ಕೊಂಡಿದ್ದೀನಿ. ನಾನೀಗ ಇರೋದು ಚಿಕ್ಕ ಅಂಗಡಿ, ಊಟ, ಬೋನಸ್ ಎಲ್ಲಾ ಬೇರೆ ಥರ ಇದೆ, ಹೋಲಿಕೆ ಆಗಲ್ಲ. ನನ್ನ ನಿರೀಕ್ಷೆ ವರ್ಷಕ್ಕೆ ನಾಲ್ಕೂವರೆಯಿಂದ ಐದು ಲಕ್ಷ ಸಿಟಿಸಿ. ನೋಟಿಸ್ 30 ದಿನ. ನಿಮ್ಮ ಬಜೆಟ್‌ಗೆ ಇದು ಹೊಂದುತ್ತಾ?”

ಆ ಕೊನೆಯ ಪ್ರಶ್ನೆ ಮುಖ್ಯ. “ಹೇಳಲ್ಲ” ಅಂತ ನಿಲ್ಲಿಸಿದರೆ ಆ ಕಡೆಯವರಿಗೆ ಮುಂದೆ ಹೋಗೋಕೆ ದಾರಿಯೇ ಇರಲ್ಲ. ಅವರಿಗೆ ಬೇಕಾದ ಅಂಕಿಯನ್ನ ನಾನೇ ಮುಂದಿಟ್ಟು ಕೇಳಿದರೆ ಮಾತು ಮುಂದುವರಿಯುತ್ತೆ.

ಅವರು ಬಿಡಲಿಲ್ಲ. “ಸಿಸ್ಟಮ್‌ನಲ್ಲಿ ಆ ಕಾಲಂ ಖಾಲಿ ಬಿಡೋಕಾಗಲ್ಲ ಸರ್.” ನಾನು, “ಹಾಗಾದ್ರೆ ಸೊನ್ನೆ ಹಾಕಿ, ಆಫರ್ ಆದ ಮೇಲೆ ಕೊಡ್ತಾರೆ ಅಂತ ರಿಮಾರ್ಕ್ಸ್‌ನಲ್ಲಿ ಬರೀರಿ ಮೇಡಂ. ಸ್ಯಾಲರಿ ಸ್ಲಿಪ್ ಆಗ ಖಂಡಿತ ಕೊಡ್ತೀನಿ” ಅಂದೆ. ಒಂದು ನಿಮಿಷ ಕೀಬೋರ್ಡ್ ಸದ್ದು. ಆಮೇಲೆ “ಸರಿ, ಟೀಮ್‌ಗೆ ಕಳಿಸ್ತೀನಿ” ಅಂದರು. ನಾನು ಜಾಸ್ತಿ ವಿವರಣೆ ಕೊಡಲಿಲ್ಲ. ಕಾರಣ ಒಂದೇ ಸಲ, ಒಂದೇ ವಾಕ್ಯದಲ್ಲಿ. ಮತ್ತೆ ಮತ್ತೆ ಹೇಳುತ್ತಾ ಹೋದರೆ ಏನೋ ಮುಚ್ಚಿಡ್ತಿದ್ದಾನೆ ಅನ್ನಿಸಿಬಿಡುತ್ತೆ, ಧ್ವನಿಯಲ್ಲಿ ಜಗಳದ ವಾಸನೆ ಬಂದರಂತೂ ಕೆಲಸ ಕೆಟ್ಟಿತು ಅಂತಲೇ.

ಒಂದು ಮಾತ್ರ ಮಾಡಬೇಡಿ. 22 ಇದ್ದದ್ದನ್ನ 30 ಅಂತ ಹೇಳೋದು. ಮುಂದೆ ಮೂರು ತಿಂಗಳ ಸ್ಲಿಪ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಆಫರ್ ವಾಪಸ್. ಹೇಳದೆ ಇರೋದು ಬೇರೆ, ಸುಳ್ಳು ಹೇಳೋದು ಬೇರೆ.

ಇದು ಎಲ್ಲಾ ಕಡೆ ನಡೆಯಲ್ಲ ಅನ್ನೋದನ್ನೂ ಹೇಳಬೇಕು. ಸಂಬಳ ಕೇಳಬಾರದು ಅಂತ ನಮ್ಮಲ್ಲಿ ಕಾನೂನಿಲ್ಲ, ಹಾಗಾಗಿ ಹಕ್ಕಿನ ಮಾತು ಆಡಿ ಪ್ರಯೋಜನವಿಲ್ಲ. ಕನ್ಸಲ್ಟೆನ್ಸಿಯವರು ಕರೆ ಮಾಡಿದ್ದರೆ ಇನ್ನೂ ಕಷ್ಟ, ಯಾಕಂದರೆ ಅವರ ಕ್ಲೈಂಟ್ ಕೊಟ್ಟ ಶೀಟ್‌ನಲ್ಲಿ ಆ ಕಾಲಂ ತುಂಬದಿದ್ದರೆ ಪ್ರೊಫೈಲ್ ಮುಂದೆ ಹೋಗೋದೇ ಇಲ್ಲ. ಒಬ್ಬರು “ಹೇಳದಿದ್ರೆ ಬೇಡ ಬಿಡಿ” ಅಂತ ಫೋನ್ ಇಟ್ಟೇಬಿಟ್ಟರು. ಆ ಕೆಲಸ ಕೈಬಿಟ್ಟೆ. ಅದು ತುಂಬಾ ಬೇಕಾಗಿದ್ದ ಕೆಲಸವಾಗಿದ್ದರೆ ಬಹುಶಃ ಹೇಳುತ್ತಿದ್ದೆ, ಆದರೆ ಮೊದಲು ನಿರೀಕ್ಷೆ, ಆಮೇಲೆ ಈಗಿನ ಸಂಬಳ, ಅದೂ ಊಟ, ಬೋನಸ್ ಸೇರಿಸಿ ವರ್ಷದ ಲೆಕ್ಕದಲ್ಲಿ.

ಎರಡನೇ ಕಂಪನಿಯಲ್ಲಿ ಎರಡು ರೌಂಡ್ ಆಯಿತು. ಸ್ಲಿಪ್ ಕೇಳಿದಾಗ, “ಆಫರ್ ಮೊತ್ತ ಇಮೇಲ್‌ನಲ್ಲಿ ಬರಲಿ ಮೇಡಂ, ಅದೇ ದಿನ ಕಳಿಸ್ತೀನಿ” ಅಂದೆ. 4.6 ಲಕ್ಷ ಅಂತ ಬಂತು. ಪಿಎಫ್, ಗ್ರಾಚ್ಯುಟಿ ಕಳೆದರೆ ಕೈಗೆ 33 ಸಾವಿರದ ಹತ್ತಿರ. ಅವತ್ತು ಸಂಜೆಯೇ ಮೂರು ಸ್ಲಿಪ್ ಸ್ಕ್ಯಾನ್ ಮಾಡಿ ಕಳಿಸಿದೆ. “ಈಗ ಇಷ್ಟು ಕಮ್ಮಿನಾ ಸರ್?” ಅಂತ ಕೇಳಿದರು. “ಹೌದು ಮೇಡಂ” ಅಂದೆ. ಆಫರ್ ಬದಲಾಗಲಿಲ್ಲ.