ಮುಟ್ಟಿನ ಜೊತೆ ಬರುವ ತಲೆನೋವಿಗೆ ನಾನು ಹಾಕಿದ ಲೆಕ್ಕ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಔಷಧಿ ಅಂಗಡಿ ಇದೆ. ಡಿ.ಫಾರ್ಮ ಓದಿದವಳು ನಾನು, ಹೀಗಾಗಿ ಅಂಗಡಿಯಲ್ಲಿ ಕೂರುವವಳೂ ನಾನೇ. ತಲೆನೋವಿನ ಗುಳಿಗೆ ಕೇಳಿಕೊಂಡು ಬರುವ ಹೆಂಗಸರಲ್ಲಿ ಕೆಲವರು ಅದರ ಜೊತೆಗೇ ಪ್ಯಾಡಿನ ಪ್ಯಾಕೆಟ್ಟನ್ನೂ ಪೇಪರಿನಲ್ಲಿ ಸುತ್ತಿಸಿಕೊಂಡು ಒಯ್ಯುತ್ತಾರೆ. ಎರಡಕ್ಕೂ ನಂಟಿದೆ ಅಂತ ಬಹಳ ಜನಕ್ಕೆ ಅನಿಸಿರುವುದಿಲ್ಲ. "ಬಿಸಿಲಾಗ ಅಡ್ಡಾಡಿದ್ನೆಲ್ರಿ, ಅದಕ್ಕ" ಅನ್ನುತ್ತಾರೆ.

ನನಗೂ ಇದೇ ಮೈಗ್ರೇನ್. ಎಡಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆ ಟಕಟಕ ಅಂತ ಬಡಿಯುತ್ತದೆ. ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ, ಟ್ಯೂಬ್‌ಲೈಟ್ ನೋಡೋಕಾಗುವುದಿಲ್ಲ. ಬೇರೆ ದಿನ ಬಂದರೆ ಒಂದು ಗುಳಿಗೆ, ಒಂದು ನಿದ್ದೆ, ಅಷ್ಟಕ್ಕೆ ಮುಗಿಯುತ್ತದೆ. ಮುಟ್ಟಿನ ಹೊತ್ತಿಗೆ ಬಂದದ್ದು ಹಾಗಲ್ಲ. ಗುಳಿಗೆ ನುಂಗಿದರೆ ಸ್ವಲ್ಪ ತಗ್ಗಿ, ಸಂಜೆಗೆ ಮತ್ತೆ ಹಾಜರ್. ಎರಡು ಮೂರು ದಿನ ಹೀಗೇ ಎಳೆಯುತ್ತದೆ. ಈ ತಲೆನೋವಿನ ಗುಣವೇ ಅದು: ಜಾಸ್ತಿ ದಿನ ಇರುತ್ತದೆ, ಜೋರಾಗಿರುತ್ತದೆ, ಹೋದದ್ದು ಮರಳಿ ಬರುತ್ತದೆ.

ಹುಬ್ಬಳ್ಳಿಯ ನರರೋಗ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ಔಷಧಿ ಬರೆಯಲಿಲ್ಲ, ಸ್ಕ್ಯಾನೂ ಹೇಳಲಿಲ್ಲ. "ಮೂರು ತಿಂಗಳು ಕ್ಯಾಲೆಂಡರ್‌ನಾಗ ಗುರುತು ಹಾಕಿ ತಗೊಂಡು ಬರ್ರಿ" ಅಂದರು. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೇ ಶುರು ಮಾಡಿದೆ. ಹಾಲಿನವನ ಲೆಕ್ಕದ ಪಕ್ಕದಲ್ಲಿ ಇದೂ ಒಂದು ಲೆಕ್ಕ. ಮುಟ್ಟು ಶುರುವಾದ ದಿನಕ್ಕೆ ಕೆಂಪು ಚುಕ್ಕೆ. ತಲೆನೋವು ಬಂದ ದಿನಕ್ಕೆ 'ತ', ಏಳಲಾಗದಷ್ಟು ಇದ್ದರೆ ಅದಕ್ಕೊಂದು ಸುತ್ತು. ಗುಳಿಗೆ ನುಂಗಿದ್ದರೆ ಕೆಳಗೊಂದು ಗೆರೆ.

ಎಣಿಸುವುದಕ್ಕೂ ಒಂದು ಕ್ರಮ ಇದೆ. ರಕ್ತ ಕಾಣಿಸಿಕೊಂಡ ದಿನವೇ ಒಂದನೇ ದಿನ. ಅದರ ಹಿಂದಿನ ಎರಡು ದಿನ, ಆಮೇಲೆ ಒಂದನೇ ದಿನದಿಂದ ಮೂರನೇ ದಿನದವರೆಗೆ, ಒಟ್ಟು ಐದು ದಿನದ ಕಿಟಕಿ. ಮುಟ್ಟು 14ನೇ ತಾರೀಖು ಶುರುವಾದರೆ 12ರಿಂದ 16ರವರೆಗೆ ನೋಡಬೇಕು. ಮೂರು ತಿಂಗಳಲ್ಲಿ ಎರಡು ಸಲವಾದರೂ ಮೈಗ್ರೇನ್ ಈ ಐದು ದಿನದೊಳಗೆ ಬಂದಿದ್ದರೆ ಅದಕ್ಕೆ ಮುಟ್ಟಿನ ನಂಟು ಇದೆ ಎಂದರ್ಥ. ಬೇರೆ ದಿನ ಬರುವುದೇ ಇಲ್ಲ ಅನ್ನುವವರು ಕಡಿಮೆ. ನನ್ನ ಹಾಗೆ, ಆಗಲೂ ಬರುತ್ತದೆ ಈಗಲೂ ಬರುತ್ತದೆ, ಆದರೆ ಮುಟ್ಟಿನಲ್ಲಿ ತಪ್ಪದೇ ಬರುತ್ತದೆ ಅನ್ನುವವರೇ ಜಾಸ್ತಿ.

ಅಂಗಡಿಗೆ ಕೆಲವರು ಹಾರ್ಮೋನ್ ರಿಪೋರ್ಟ್ ಹಿಡಿದುಕೊಂಡು ಬರುತ್ತಾರೆ. "ಎಲ್ಲಾ ನಾರ್ಮಲ್ ಐತಂತ್ರಿ, ಮತ್ತ ತಲಿ ಯಾಕ ನೋಯ್ತೈತಿ?" ನಾರ್ಮಲ್ಲೇ ಇರುತ್ತದೆ. ಒಂದು ದಿನ ತೆಗೆದ ರಕ್ತದಲ್ಲಿ ಆ ದಿನದ ಈಸ್ಟ್ರೋಜನ್ ಎಷ್ಟು ಅಂತ ಸಿಗುತ್ತದೆ ಅಷ್ಟೇ. ಇಲ್ಲಿ ತೊಂದರೆ ಕೊಡುವುದು ಅದು ಕಡಿಮೆ ಇರುವುದಲ್ಲ, ಇಳಿಯುವುದು. ಅಂಡ ಹೊರಬಿದ್ದ ಮೇಲೆ ಎರಡು ವಾರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎರಡೂ ಮೇಲೆ ಇರುತ್ತವೆ. ಗರ್ಭ ನಿಲ್ಲದಿದ್ದರೆ ಎರಡೂ ಬಡಬಡನೆ ಇಳಿಯುತ್ತವೆ, ಆಮೇಲೆ ಮುಟ್ಟು ಬರುತ್ತದೆ.

ಎರಡೂ ಇಳಿಯುವಾಗ ತಪ್ಪು ಯಾವುದರದ್ದು? ಇದನ್ನು 1970ರ ದಶಕದ ಮೊದಲಲ್ಲೇ ಆಸ್ಟ್ರೇಲಿಯಾದ ಸೋಮರ್‌ವಿಲ್ ಎಂಬ ವೈದ್ಯರು ಪರೀಕ್ಷೆ ಮಾಡಿ ನೋಡಿದ್ದರು. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಕೊಟ್ಟರೆ ಮುಟ್ಟು ಮುಂದೆ ಹೋಯಿತು, ತಲೆನೋವು ಮಾತ್ರ ತನ್ನ ಹೊತ್ತಿಗೆ ಬಂತು. ಈಸ್ಟ್ರೋಜನ್ ಇಂಜೆಕ್ಷನ್ ಕೊಟ್ಟಾಗ ಉಲ್ಟಾ ಆಯಿತು: ಮುಟ್ಟು ತನ್ನ ಹೊತ್ತಿಗೆ ಬಂತು, ತಲೆನೋವು ಕೆಲವು ದಿನ ತಡವಾಗಿ ಬಂತು. ಅಂದರೆ ತಲೆನೋವಿನ ದಾರ ಇರುವುದು ಈಸ್ಟ್ರೋಜನ್ ಕೈಯಲ್ಲಿ. ಅವರು ಇನ್ನೊಂದನ್ನೂ ಕಂಡರು. ಈಸ್ಟ್ರೋಜನ್ ಕೆಲವು ದಿನ ಮೇಲೆ ನಿಂತು ಆಮೇಲೆ ಇಳಿದರೆ ಮಾತ್ರ ತಲೆ ಹಿಡಿಯುತ್ತದೆ. ತಿಂಗಳ ನಡುವೆ ಅಂಡ ಬಿಡುವಾಗಲೂ ಒಂದು ಏರಿಳಿತ ಇದೆ, ಆದರೆ ಅದು ಚುಟುಕು. ಹಾಗಾಗಿ ಆಗ ಸಾಮಾನ್ಯವಾಗಿ ಇಂಥ ನೋವು ಬರುವುದಿಲ್ಲ.

ಬಸುರಿಯಿದ್ದಾಗ ನನ್ನ ತಲೆನೋವು ನಾಲ್ಕನೇ ತಿಂಗಳಿಂದ ಬಿಟ್ಟುಹೋಗಿತ್ತು. ಹೆರಿಗೆಯಾಗಿ ವಾರದೊಳಗೆ, ಬಾಣಂತಿ ಕೋಣೆಯಲ್ಲಿ ಮಲಗಿದ್ದಾಗಲೇ ವಾಪಸ್. ನಿದ್ದೆಗೇಡು ಅಂತ ಅವ್ವ ಅಂದಳು. ನಿದ್ದೆಗೇಡೂ ಹೌದು. ಆದರೆ ಒಂಬತ್ತು ತಿಂಗಳು ಏರಿ ನಿಂತಿದ್ದ ಈಸ್ಟ್ರೋಜನ್ ಹೆರಿಗೆಯಾದ ತಕ್ಷಣ ಬೀಳುತ್ತದಲ್ಲ, ಅದೂ ಹೌದು.

ಕ್ಯಾಲೆಂಡರ್ ನೋಡಿದ ಮೇಲೆ ವೈದ್ಯರು ಹೇಳಿದ್ದು ಇಷ್ಟು: ಬರುವ ದಿನ ಗೊತ್ತಿದ್ದರೆ ಬರುವ ತನಕ ಕಾಯುವುದೇಕೆ? ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಮುಂಚಿತವಾಗಿ ಔಷಧಿ. ನ್ಯಾಪ್ರೊಕ್ಸೆನ್ 500 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟ ಆದಮೇಲೆ. ಮುಟ್ಟಿಗೆ ಎರಡು ದಿನ ಮೊದಲು ಶುರು, ಮುಟ್ಟಿನ ಮೂರನೇ ದಿನದ ರಾತ್ರಿಗೆ ಬಂದ್. ಮುಟ್ಟಿನಲ್ಲಿ ಗರ್ಭಕೋಶದ ಒಳಪದರ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಕಿಬ್ಬೊಟ್ಟೆ ಹಿಂಡುವುದಕ್ಕೆ ಅದೇ ಕಾರಣ, ತಲೆನೋವನ್ನು ಕೆರಳಿಸುವುದರಲ್ಲೂ ಅದರ ಪಾಲಿದೆ. ನ್ಯಾಪ್ರೊಕ್ಸೆನ್ ಅದನ್ನು ತಡೆಯುತ್ತದೆ. ಅಂಗಡಿ ನನ್ನದೇ ಆದರೂ ಇದನ್ನು ಚೀಟಿ ಬರೆಸಿಕೊಂಡೇ ತೆಗೆದುಕೊಂಡೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ನೋವಿನ ಗುಳಿಗೆ ನುಂಗಿದರೆ ಉಬ್ಬಸ ಬರುವವರು, ಇವರಿಗೆಲ್ಲ ಇದು ಆಗಿಬರುವುದಿಲ್ಲ. ಗರ್ಭಕ್ಕಾಗಿ ನೋಡುತ್ತಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ನಾನು ಲೆಕ್ಕ ಹಾಕುತ್ತಿದ್ದದ್ದು ಹೀಗೆ. ಜೂನ್ 14ಕ್ಕೆ ಮುಟ್ಟಾದೆ ಅನ್ನಿ. ನನ್ನದು 28 ದಿನದ ಸುತ್ತು, ಹಾಗಾಗಿ ಮುಂದಿನದು ಜುಲೈ 12. ಎರಡು ದಿನ ಹಿಂದೆ ಹೋದರೆ ಜುಲೈ 10. ಆವತ್ತು ಬೆಳಿಗ್ಗೆ ರೊಟ್ಟಿ ಪಲ್ಯ ತಿಂದು ಮೊದಲ ಗುಳಿಗೆ, 14ರ ರಾತ್ರಿಗೆ ಕೊನೆಯದು. ಸುತ್ತು ಒಂದು ದಿನ ಹಿಂದೆಮುಂದೆ ಆಗುವುದಿದ್ದರೆ ಒಂದು ದಿನ ಮೊದಲೇ ಶುರು ಮಾಡಬಹುದು. 12ಕ್ಕೆ ಬರಬೇಕಾದದ್ದು 14 ಆದರೂ ಬರಲಿಲ್ಲ ಅಂದರೆ ಸುಮ್ನೆ ನುಂಗುತ್ತಾ ಹೋಗುವ ಹಾಗಿಲ್ಲ. ನಿಲ್ಲಿಸಿ, ಗರ್ಭದ ಪರೀಕ್ಷೆ ಮಾಡಿಕೊಂಡು, ವೈದ್ಯರಿಗೆ ಫೋನ್ ಹಚ್ಚಬೇಕು.

ಎಡವಟ್ಟಾಗುವುದು ಶ್ರಾವಣದಲ್ಲಿ. ಸೋಮವಾರದ ಉಪವಾಸ, ಬರೀ ಚಹಾ ಮೇಲೆ ಇರುವುದು, ಅದರ ಮೇಲೆ ಈ ಗುಳಿಗೆ. ಹೊಟ್ಟೆ ಉರಿದೇ ಉರಿಯುತ್ತದೆ. ಮೇಲಾಗಿ ಹಸಿವೇ ಮೈಗ್ರೇನನ್ನು ಕರೆಯುತ್ತದೆ. ಈಸ್ಟ್ರೋಜನ್ ಇಳಿಯುತ್ತಿರುವ ದಿನಗಳಲ್ಲಂತೂ ಬೇರೆ ಹೊತ್ತಿನಲ್ಲಿ ತಡೆದುಕೊಳ್ಳುವ ಹಸಿವೂ ತಡೆಯುವುದಿಲ್ಲ. ಆ ಐದು ದಿನದೊಳಗೆ ಉಪವಾಸ ಬಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಅತ್ತೆಯವರು ಮೊದಲ ವರ್ಷ ಗೊಣಗಿದರು, ಆಮೇಲೆ ಅವರೇ "ನಿನ್ನ ಲೆಕ್ಕದ ದಿನ ಬಂದ್ವು, ಉಣ್ಣು" ಅನ್ನತೊಡಗಿದರು.

ಹೀಗೆ ಮಾಡಿದರೂ ನೋವು ಪೂರ್ತಿ ಹೋಗಲಿಲ್ಲ. ಕೆಲವು ತಿಂಗಳು ಬರಲೇ ಇಲ್ಲ, ಕೆಲವು ತಿಂಗಳು ಬಂದರೂ ಹಗುರಾಗಿ ಬಂತು. ನುಗ್ಗಿ ಬಂದಾಗ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ. ಇದನ್ನು ಕಣ್ಣಿನ ಹಿಂದೆ ನೋವು ಶುರುವಾದ ಕೂಡಲೇ ನುಂಗಬೇಕು. ಮೈಗ್ರೇನಿನಲ್ಲಿ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ವಾಂತಿ ಶುರುವಾದ ಮೇಲೆ ನುಂಗಿದ್ದು ಅಲ್ಲೇ ಕೂತಿರುತ್ತದೆ. ಹೋದ ನೋವು ಮರಳಿದರೆ ಎರಡು ಗಂಟೆ ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದು. ಮೊದಲನೆಯದಕ್ಕೆ ಜಗ್ಗದ ನೋವಿಗೆ ಎರಡನೆಯದು ನುಂಗಿ ಉಪಯೋಗವಿಲ್ಲ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಇದು ಬೇಡ. ತಿಂಗಳಲ್ಲಿ ಹತ್ತು ದಿನದ ಹತ್ತಿರ ಬೇಕಾಗುತ್ತಿದೆ ಅಂದರೆ ಗುಳಿಗೆಯಿಂದಲೇ ತಲೆನೋವು ಬರುವ ಹಂತ ಅದು. ಕ್ಯಾಲೆಂಡರಿನ ಕೆಳಗೆರೆ ಎಣಿಸಿದರೆ ಗೊತ್ತಾಗುತ್ತದೆ.

ಇಳಿಯುವುದೇ ಕಾರಣ ಅಂದಮೇಲೆ ಈಸ್ಟ್ರೋಜನ್ನನ್ನೇ ಹೊರಗಿಂದ ಕೊಟ್ಟರಾಗದೇ ಅಂತ ನಾನೂ ಕೇಳಿದೆ. ಆ ದಿನಗಳಲ್ಲಿ ಮೈಗೆ ಸವರುವ ಜೆಲ್ ಇದೆ. ಹಚ್ಚುವಷ್ಟು ದಿನ ನೋವು ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಇಳಿತ, ಮತ್ತೆ ತಲೆನೋವು. ಸಾಲ ಮುಂದೂಡಿದಂತೆ ಅಷ್ಟೇ ಅನಿಸಿ ನಾನು ಅದರ ಹಾದಿ ಹಿಡಿಯಲಿಲ್ಲ.

ಈ ವಿಷಯ ಅಂಗಡಿಯಲ್ಲಿ ಇನ್ನೊಂದು ರೀತಿ ಎದುರಾಗುತ್ತದೆ. ಪಂಚಮಿ ಹತ್ತಿರ ಬಂತೆಂದರೆ ಸಾಕು.

"ಅಕ್ಕಾರ, ತವರಮನಿಗೆ ಹೊಂಟೇನಿ, ಮುಟ್ಟು ಮುಂದ ಹೋಗೂ ಗುಳಿಗಿ ಕೊಡ್ರಿ. ಹೊರಗ ಆದ್ನಿ ಅಂದ್ರ ತಲಿನೂ ಹಿಡ್ಕೊಂಡು ಬಿಡ್ತೈತಿ."

"ಮುಟ್ಟು ಮುಂದ ಹೋಗ್ತೈತ್ರಿ. ತಲಿನೋವೂ ಮುಂದ ಹೋಗ್ತೈತಿ ಅಂತ ಹೇಳಾಕ ಬರಂಗಿಲ್ಲ. ಕಣ್ಣ ಮುಂದ ಮಿಂಚಿನಂಗ ಅಂಕುಡೊಂಕು ಗೆರಿ ಬರ್ತಾವೇನು, ತಲಿನೋವು ಬರೂಕಿಂತ ಮೊದ್ಲ?"

"ಹೂಂ, ಒಮ್ಮೊಮ್ಮೆ ಬರ್ತಾವ್ರಿ."

ಅಲ್ಲಿಗೆ ಆ ಮಾತು ನಿಲ್ಲಿಸಿ, ಚೀಟಿ ಇಲ್ಲದೆ ಕೊಡುವುದಿಲ್ಲ ಅಂತ ಹೇಳಿ ವೈದ್ಯರ ಹತ್ತಿರ ಕಳಿಸುತ್ತೇನೆ. ನೋವಿಗೆ ಮುಂಚೆ ಕಾಲು ಗಂಟೆ, ಅರ್ಧ ಗಂಟೆ ಕಾಣುವ ಆ ಗೆರೆಗಳಿಗೆ ಆರಾ ಅನ್ನುತ್ತಾರೆ. ಆರಾ ಇರುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯು ಆಗುವ ಅಪಾಯ ಹೆಚ್ಚುತ್ತದೆ. ಮುಟ್ಟು ಮುಂದೂಡಲು ಕೊಡುವ ನಾರೆಥಿಸ್ಟೆರಾನ್‌ನಲ್ಲಿ ಈಸ್ಟ್ರೋಜನ್ ಇಲ್ಲ, ಆದರೆ ದಿನಕ್ಕೆ ಮೂರು ಗುಳಿಗೆಯ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಇದನ್ನು ಕೌಂಟರಿನಲ್ಲಿ ನಿಂತು ತೀರ್ಮಾನ ಮಾಡುವ ಹಾಗಿಲ್ಲ.

ನನ್ನ ಐದು ದಿನದ ಲೆಕ್ಕವೂ ಈಗ ನಡೆಯುತ್ತಿಲ್ಲ. ನಲವತ್ತೈದು ದಾಟಿದ ಮೇಲೆ ಮುಟ್ಟು ಒಮ್ಮೆ ಮೂರು ವಾರಕ್ಕೆ, ಒಮ್ಮೆ ಒಂದೂವರೆ ತಿಂಗಳಿಗೆ. ದಿನವೇ ಗೊತ್ತಿಲ್ಲದ ಮೇಲೆ ಎರಡು ದಿನ ಹಿಂದೆ ಎಣಿಸುವುದು ಎಲ್ಲಿಂದ? ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಈಸ್ಟ್ರೋಜನ್ ಮನಸ್ಸಿಗೆ ಬಂದಂತೆ ಏರಿಳಿಯುತ್ತದೆ, ತಲೆನೋವೂ ಹೆಚ್ಚುತ್ತದೆ. ವೈದ್ಯರು ನ್ಯಾಪ್ರೊಕ್ಸೆನ್ ಬಿಡಿಸಿ ದಿನಾ ನುಂಗುವ ಪ್ರೊಪ್ರನೊಲಾಲ್‌ಗೆ ಬದಲಾಯಿಸಿದ್ದಾರೆ. ಉಬ್ಬಸ ಇದ್ದವರಿಗೆ ಇದನ್ನು ಕೊಡುವುದಿಲ್ಲ, ನನಗೆ ಆ ತೊಂದರೆ ಇಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು ಅಂದಿದ್ದಾರೆ. ಅಲ್ಲಿಯವರೆಗೆ ಸುಮಾಟ್ರಿಪ್ಟಾನ್ ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ, ಮತ್ತು ಅದರ ಗೆರೆಗಳನ್ನು ಎಣಿಸುತ್ತಿದ್ದೇನೆ.